ಒಂದು ನಕ್ಷತ್ರದ ಕೆಳಗಿನ ಉತ್ತರ

ಗೂಗಲ್ ಮ್ಯಾಪ್ಸ್‌ನಲ್ಲಿ ಹೋಂಸ್ಟೇ, ಹೋಟೆಲ್ ಅಥವಾ ಅಂಗಡಿಯ ಬಗ್ಗೆ ಗ್ರಾಹಕರು ಬರೆದ ವಿಮರ್ಶೆಗೆ ಮಾಲೀಕರು ಅಲ್ಲೇ ಉತ್ತರ ಕೊಡಬಹುದು. ಆ ವ್ಯವಹಾರ ಅವರದ್ದೇ ಎಂದು ಗೂಗಲ್ ಮೊದಲು ದೃಢಪಡಿಸಿಕೊಂಡಿರಬೇಕು. ಉತ್ತರವು ವಿಮರ್ಶೆಯ ಅಡಿಯಲ್ಲಿ, ಮಾಲೀಕರದ್ದು ಎಂಬ ಗುರುತಿನೊಂದಿಗೆ ಎಲ್ಲರಿಗೂ ಕಾಣುತ್ತದೆ. ವಿಮರ್ಶೆ ಬರೆದವರಿಗೂ ಸೂಚನೆ ಹೋಗುತ್ತದೆ. ಆದರೆ ಅದನ್ನು ಓದುವವರಲ್ಲಿ ಹೆಚ್ಚಿನವರು ಇನ್ನೂ ಬಂದಿಲ್ಲದ ಅತಿಥಿಗಳು. ರಜೆಗೆ ಮೂರ್ನಾಲ್ಕು ಜಾಗಗಳನ್ನು ಹೋಲಿಸುತ್ತಾ, ಹೊಗಳಿಕೆಯನ್ನು ಬದಿಗಿಟ್ಟು, ಬೇಕೆಂದೇ ಒಂದು ನಕ್ಷತ್ರದ ವಿಮರ್ಶೆಗಳನ್ನು ತೆರೆದು ನೋಡುವವರು. ಅವರ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ಅಲ್ಲಿಗೆ ಹೋದರೆ ನಮಗೂ ಹೀಗೇ ಆಗುತ್ತದೆಯೇ? ಒಳ್ಳೆಯ ಉತ್ತರವನ್ನು ಬರೆಯಬೇಕಾದದ್ದು ಈ ಪ್ರಶ್ನೆಗೆ.

ಮಾಲೀಕರ ಉತ್ತರದಿಂದ ಏನಾದರೂ ಬದಲಾಗುತ್ತದೆಯೇ ಎಂಬುದನ್ನು ಡೇವಿಡ್ ಪ್ರೊಸೆರ್ಪಿಯೊ ಮತ್ತು ಜಾರ್ಜಿಯೊಸ್ ಝೆರ್ವಾಸ್ ಎಂಬ ಸಂಶೋಧಕರು ಅಮೆರಿಕದ ಹೋಟೆಲುಗಳಲ್ಲಿ ಪರೀಕ್ಷಿಸಿ, 2017ರಲ್ಲಿ ‘ಮಾರ್ಕೆಟಿಂಗ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದೇ ಹೋಟೆಲು ಟ್ರಿಪ್ ಅಡ್ವೈಸರ್‌ನಲ್ಲಿ ವಿಮರ್ಶೆಗಳಿಗೆ ಉತ್ತರಿಸುತ್ತಿದ್ದರೂ ಎಕ್ಸ್‌ಪೀಡಿಯಾದಲ್ಲಿ ಉತ್ತರಿಸುವುದು ಅಪರೂಪವಾಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಉತ್ತರದ ಪರಿಣಾಮ ಬೇರೆಯಾಗಿ ಕಂಡಿತು. ಉತ್ತರಿಸಲು ತೊಡಗಿದ ಹೋಟೆಲುಗಳಿಗೆ ಬರುವ ವಿಮರ್ಶೆಗಳು ಸುಮಾರು ಶೇ. 12ರಷ್ಟು ಹೆಚ್ಚಿದವು, ಸರಾಸರಿ ಅಂಕ 0.12 ನಕ್ಷತ್ರದಷ್ಟು ಏರಿತು. ಅದಕ್ಕಿಂತ ಗಮನಿಸಬೇಕಾದದ್ದು ಇನ್ನೊಂದಿದೆ. ಕೆಟ್ಟ ವಿಮರ್ಶೆಗಳ ಸಂಖ್ಯೆ ಇಳಿಯಿತು, ಆದರೆ ಬಂದ ಕೆಟ್ಟ ವಿಮರ್ಶೆಗಳು ಮೊದಲಿಗಿಂತ ಉದ್ದವಾದವು. ಮಾಲೀಕರು ಓದಿ ಉತ್ತರಿಸುತ್ತಾರೆ ಎಂದು ತಿಳಿದಾಗ ಸಣ್ಣಪುಟ್ಟ ಸಿಟ್ಟಿಗೆ ಬರೆಯುವವರು ಹಿಂಜರಿಯುತ್ತಾರೆ. ಗಟ್ಟಿ ಕಾರಣವಿರುವವರು ವಿವರವಾಗಿ ಬರೆಯುತ್ತಾರೆ.

ಮಲೆನಾಡಿನ ಹೋಂಸ್ಟೇಯೊಂದನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ನಾಲ್ಕು ಕೋಣೆ, ಜುಲೈ ತಿಂಗಳು, ವಯಸ್ಸಾದ ತಾಯಿಯೊಂದಿಗೆ ಬಂದಿದ್ದ ಒಂದು ಕುಟುಂಬ. ಅವರು ಊರಿಗೆ ಮರಳಿದ ಮೇಲೆ ಹೀಗೆ ಬರೆಯುತ್ತಾರೆ: “ಬೆಳಿಗ್ಗೆ ಬಿಸಿನೀರಿಲ್ಲ. ರಾತ್ರಿ ಎರಡು ಗಂಟೆ ಕರೆಂಟಿಲ್ಲ. ಅಂಗಳದ ತುಂಬ ಇಂಬಳ. ಅಮ್ಮನನ್ನು ಕರೆದುಕೊಂಡು ಬಂದು ಒದ್ದಾಡಿಬಿಟ್ಟೆವು. ಓನರ್ ಫೋನೂ ಎತ್ತಲಿಲ್ಲ. ದುಡ್ಡು ಸುಲಿಯುವ ದಂಧೆ, ಯಾರೂ ಹೋಗಬೇಡಿ.”

ಓದಿದ ಗಳಿಗೆಯಲ್ಲೇ ಬರೆದರೆ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ: “ಮಳೆಗಾಲದಲ್ಲಿ ಮಲೆನಾಡಿಗೆ ಬಂದು ಇಂಬಳ ಇದೆ ಎನ್ನುವವರಿಗೆ ಏನು ಹೇಳುವುದು? ಬುಕ್ ಮಾಡುವಾಗಲೇ ಐನೂರು ರೂಪಾಯಿಗೆ ಚೌಕಾಸಿ ಮಾಡಿದವರು ನೀವು. ನಾಲ್ಕು ಜನ ಎಂದು ಹೇಳಿ ಆರು ಜನ ಬಂದಿರಿ. ಬೇರೆ ಎಲ್ಲರೂ ಖುಷಿಯಾಗಿಯೇ ಹೋಗಿದ್ದಾರೆ.” ಇದರ ಪ್ರತಿಯೊಂದು ವಾಕ್ಯವೂ ನಿಜವಿರಬಹುದು. ಆದರೂ ಹೊಸ ಅತಿಥಿಗೆ ಇದರಿಂದ ತಿಳಿಯುವುದು ಬೇರೆ ಎರಡು ಸಂಗತಿ. ಬಿಸಿನೀರಿನ ಮಾತಿಗೆ ಉತ್ತರವೇ ಇಲ್ಲ, ಅಂದರೆ ಅದು ಈಗಲೂ ಸಿಗುವುದಿಲ್ಲ. ನಾಳೆ ತಾನು ಏನಾದರೂ ದೂರಿದರೆ ತನ್ನ ಚೌಕಾಸಿ, ತನ್ನ ಮನೆಯವರ ವಿಷಯ ಎಲ್ಲವೂ ಹೀಗೇ ಬೀದಿಗೆ ಬರುತ್ತದೆ. ಒಂದು ನಕ್ಷತ್ರಕ್ಕಿಂತ ಹೆಚ್ಚು ಜನರನ್ನು ಓಡಿಸುವುದು ಈ ಎರಡನೆಯ ಭಯ.

ಆದ್ದರಿಂದ ಬರೆಯುವ ಮೊದಲಿನ ಕೆಲಸ ವಿಚಾರಣೆ. ಅತಿಥಿಗಳ ರಿಜಿಸ್ಟರು, ಬುಕಿಂಗ್ ಸಮಯದ ವಾಟ್ಸಾಪ್ ಮಾತುಕತೆ, ಫೋನಿನ ಮಿಸ್ಡ್ ಕಾಲ್ ಪಟ್ಟಿ, ಆ ದಿನ ಮನೆಯಲ್ಲಿದ್ದ ಕೆಲಸದವರ ಮಾತು, ಇವಿಷ್ಟನ್ನು ನೋಡಿದರೆ ಘಟನೆ ಬಹುಮಟ್ಟಿಗೆ ತಿಳಿಯಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಹೀಗೆ ತಿಳಿಯಿತು ಎಂದುಕೊಳ್ಳೋಣ. ಮೋಡ ಕವಿದಿದ್ದರಿಂದ ಸೋಲಾರ್ ನೀರು ಕಾದಿರಲಿಲ್ಲ. ಹಂಡೆ ಒಲೆ ಹಚ್ಚಿದ್ದು ಆರೂವರೆಗೆ, ಅತಿಥಿಗಳು ಎದ್ದದ್ದು ಐದೂವರೆಗೆ. ರಾತ್ರಿ ಎರಡು ಬಾರಿ ಕರೆ ಬಂದಿತ್ತು, ಆಗ ಮಾಲೀಕರು ನೆಟ್‌ವರ್ಕ್ ಇಲ್ಲದ ಕಡೆ ಇದ್ದರು. ಕರೆಂಟು ಹೋಗಿದ್ದು ನಿಜ. ಇಂಬಳ ಇದ್ದದ್ದೂ ನಿಜ, ಅದರ ಬಗ್ಗೆ ಬುಕ್ ಮಾಡುವಾಗ ಯಾರೂ ಹೇಳಿರಲಿಲ್ಲ.

ಈಗ ದೂರು ತಾನಾಗಿ ಬೇರೆ ಬೇರೆಯಾಗುತ್ತದೆ. ಬಿಸಿನೀರು ಮತ್ತು ಫೋನು ಮನೆಯವರ ಲೋಪ, ಅವನ್ನು ಸರಿಪಡಿಸಲು ಸಾಧ್ಯ. ಇಂಬಳ ಮತ್ತು ಕರೆಂಟು ಆ ಜಾಗದ, ಆ ಕಾಲದ ಸ್ವಭಾವ. ಅವನ್ನು ಮೊದಲೇ ತಿಳಿಸಬಹುದು, ಇಲ್ಲವಾಗಿಸಲು ಆಗದು. ಉಳಿದದ್ದು ಬರಿಯ ಸಿಟ್ಟಿನ ಮಾತು. ಉತ್ತರ ಹೀಗಿರಬಹುದು:

“ನಮಸ್ಕಾರ. ಬೆಳಿಗ್ಗೆ ಬಿಸಿನೀರು ಸಿಗದೆ ನಿಮ್ಮ ತಾಯಿಯವರಿಗೆ ತೊಂದರೆಯಾಯಿತು. ಅದು ನಮ್ಮ ತಪ್ಪು, ಕ್ಷಮಿಸಿ. ಬಿಸಿಲಿಲ್ಲದ ದಿನ ಸೋಲಾರ್ ನೀರು ಕಾಯುವುದಿಲ್ಲ, ಆ ದಿನ ನಾವು ಒಲೆ ಹಚ್ಚಿದ್ದು ತಡವಾಯಿತು. ಈಗ ಮಳೆಗಾಲದಲ್ಲಿ ದಿನವೂ ಐದು ಗಂಟೆಗೇ ಹಂಡೆ ಒಲೆ ಹಚ್ಚುತ್ತಿದ್ದೇವೆ. ನೀವು ಕರೆ ಮಾಡಿದಾಗ ನಾನು ನೆಟ್‌ವರ್ಕ್ ಇಲ್ಲದ ಕಡೆ ಇದ್ದೆ. ಇನ್ನು ಮುಂದೆ ರಾತ್ರಿ ಒಬ್ಬರು ಮನೆಯಲ್ಲೇ ಇರುತ್ತಾರೆ, ಬಂದು ಬಾಗಿಲು ತಟ್ಟಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಇಂಬಳ ಇರುತ್ತದೆ, ಕರೆಂಟೂ ಆಗಾಗ ಹೋಗುತ್ತದೆ. ಇನ್ವರ್ಟರ್ ದೀಪಗಳಿಗಷ್ಟೇ ಸಾಲುತ್ತದೆ. ಇದನ್ನು ಬುಕ್ ಮಾಡುವಾಗಲೇ ನಿಮಗೆ ಹೇಳಬೇಕಿತ್ತು. ಈಗ ಎಲ್ಲರಿಗೂ ಮೊದಲೇ ಹೇಳುತ್ತಿದ್ದೇವೆ.” ಕೊನೆಯಲ್ಲಿ ಮಾಲೀಕರ ಹೆಸರು.

ಗೂಗಲ್ ಸಾಕಷ್ಟು ಉದ್ದವಾಗಿ ಬರೆಯಲು ಬಿಡುತ್ತದೆ, ಆದರೆ ಅಷ್ಟು ಬೇಕಾಗುವುದಿಲ್ಲ. ಉದ್ದ ಹೆಚ್ಚಿದಷ್ಟೂ ಉತ್ತರ ವಾದದಂತೆ ಕಾಣತೊಡಗುತ್ತದೆ. ಮೊಬೈಲಿನಲ್ಲಿ ಉದ್ದದ ಉತ್ತರದ ಮೊದಲ ಸಾಲುಗಳಷ್ಟೇ ಕಾಣುವುದರಿಂದ ಮುಖ್ಯ ಮಾತು ಅಲ್ಲೇ ಬಂದಿರಬೇಕು. “ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ” ಎಂಬಂಥ ಪೀಠಿಕೆ ಆ ಜಾಗವನ್ನು ತಿಂದುಹಾಕುತ್ತದೆ. ಅದೇ ವಾಕ್ಯ ಹತ್ತು ವಿಮರ್ಶೆಗಳ ಕೆಳಗೆ ಹತ್ತು ಸಲ ಕಂಡರೆ, ಇಲ್ಲಿ ಯಾರೂ ಏನನ್ನೂ ಓದುತ್ತಿಲ್ಲ ಎಂದು ಓದುಗರಿಗೆ ಖಚಿತವಾಗುತ್ತದೆ.

ಕ್ಷಮೆ ಕೇಳಿದ ರೀತಿಯನ್ನೂ ಗಮನಿಸಬೇಕು. “ತೊಂದರೆಯಾಗಿದ್ದರೆ ಕ್ಷಮಿಸಿ” ಎಂದರೆ ತೊಂದರೆ ಆಗಿದೆಯೋ ಇಲ್ಲವೋ ಎಂಬ ಅನುಮಾನ ಉಳಿಯುತ್ತದೆ. ಆದದ್ದನ್ನು ಆಯಿತು ಎಂದು ಒಪ್ಪಿ, ಕಾರಣವನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ಏನು ಬದಲಾಯಿತು ಎಂಬುದನ್ನು ಗಂಟೆಯ ಸಮೇತ ಹೇಳಿದಾಗ ಮಾತಿಗೆ ತೂಕ ಬರುತ್ತದೆ. “ಸೇವೆಯನ್ನು ಸುಧಾರಿಸುತ್ತೇವೆ” ಎಂಬುದನ್ನು ಯಾರೂ ಪರೀಕ್ಷಿಸಲಾರರು. “ಐದು ಗಂಟೆಗೆ ಒಲೆ” ಎಂಬುದನ್ನು ಮುಂದಿನ ಅತಿಥಿ ಮರುದಿನ ಬೆಳಿಗ್ಗೆಯೇ ನೋಡಬಲ್ಲರು. ‘ದಂಧೆ’ ಎಂಬ ಪದವನ್ನು ಉತ್ತರ ಮುಟ್ಟಲೇ ಇಲ್ಲ. ಅದನ್ನು ಅಲ್ಲಗಳೆಯಲು ಹೋದರೆ ಓದುಗರ ಕಣ್ಣು ಬಿಸಿನೀರಿನಿಂದ ದುಡ್ಡಿನ ಕಡೆಗೆ ಹೊರಳುತ್ತಿತ್ತು.

ಇಂಬಳದ ಮಾತನ್ನು ಇಷ್ಟು ಬಿಚ್ಚಿ ಹೇಳಿದರೆ ಬರುವವರೂ ಬಾರದೇ ಹೋದಾರು ಎಂಬ ಅಂಜಿಕೆ ಅನೇಕ ಮಾಲೀಕರಿಗಿದೆ. ಕೆಲವರು ಖಂಡಿತ ಬರುವುದಿಲ್ಲ. ಆದರೆ ಇಂಬಳ ಕಂಡರೆ ಕಿರುಚುವವರು ಜುಲೈನಲ್ಲಿ ಬಂದು ಹೋದರೆ ಸಿಗುವುದು ಇನ್ನೊಂದು ಒಂಟಿ ನಕ್ಷತ್ರ. ಅವರು ನವೆಂಬರ್‌ನಲ್ಲಿ ಬರಲಿ ಎಂದು ಬಿಡುವುದೇ ಲಾಭ. ಮಳೆಯನ್ನೇ ನೋಡಲು ಹೊರಟವರಿಗೋ, ಇಷ್ಟನ್ನು ಮುಚ್ಚಿಡದ ಮನೆ ಇನ್ನೇನನ್ನೂ ಮುಚ್ಚಿಡಲಾರದು ಎಂಬ ನಂಬಿಕೆ ಹುಟ್ಟುತ್ತದೆ.

ಯಾವಾಗ ಬರೆಯಬೇಕು? ಏರ್‌ಬಿಎನ್‌ಬಿಯಲ್ಲಿ ಸಾರ್ವಜನಿಕ ಉತ್ತರಕ್ಕೆ 30 ದಿನಗಳ ಗಡುವು ಇದೆ. ಗೂಗಲ್‌ನಲ್ಲಿ ಯಾವಾಗ ಬೇಕಾದರೂ ಬರೆಯಬಹುದು, ಬರೆದದ್ದನ್ನು ಆಮೇಲೆ ತಿದ್ದಬಹುದು. ಎರಡು ಮೂರು ದಿನ ಹಿಡಿದರೂ ಚಿಂತೆಯಿಲ್ಲ, ಒಲೆಯ ಹೊತ್ತು ನಿಜವಾಗಿ ಬದಲಾದ ಮೇಲೆಯೇ ಉತ್ತರ ಹೋಗಬೇಕು. ಕರಡನ್ನು ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಆ ಘಟನೆಗೆ ಸಂಬಂಧವಿಲ್ಲದ ಒಬ್ಬರಿಂದ ಓದಿಸುವುದು ಒಳ್ಳೆಯ ರೂಢಿ. ಸಿಟ್ಟು ಎಲ್ಲಿ ಉಳಿದಿದೆ ಎಂಬುದು ಬರೆದವರಿಗಿಂತ ಮೊದಲು ಅವರಿಗೆ ತಿಳಿಯುತ್ತದೆ.

ವಿಮರ್ಶೆಯೇ ಸುಳ್ಳಾಗಿದ್ದರೆ ದಾರಿ ತುಸು ಬೇರೆ. ಬಂದೇ ಇಲ್ಲದವರು ಬರೆದಿದ್ದಾರೆ ಎಂದು ತೋರಿದರೂ “ನೀನು ಸುಳ್ಳುಗಾರ” ಎನ್ನುವುದು ಅಪಾಯ, ಏಕೆಂದರೆ ಬುಕಿಂಗ್ ಎಷ್ಟೋ ಸಲ ಗೆಳೆಯರ ಅಥವಾ ನೆಂಟರ ಹೆಸರಿನಲ್ಲಿರುತ್ತದೆ. “ಆ ತಿಂಗಳ ನಮ್ಮ ರಿಜಿಸ್ಟರಿನಲ್ಲಿ ಈ ಹೆಸರು ಸಿಗಲಿಲ್ಲ. ಬೇರೆ ಹೆಸರಿನಲ್ಲಿ ಬಂದಿದ್ದರೆ ದಯವಿಟ್ಟು ತಾರೀಖು ತಿಳಿಸಿ, ವಿಚಾರಿಸುತ್ತೇವೆ” ಎಂದರೆ ಓದುಗರೇ ತೀರ್ಮಾನಿಸುತ್ತಾರೆ. ಜೊತೆಗೆ ಗೂಗಲ್‌ಗೆ ದೂರು ಕೊಡಬಹುದು. ಆದರೆ ನಕಲಿ ವಿಮರ್ಶೆ, ಬೈಗುಳ, ಸಂಬಂಧವಿಲ್ಲದ ಮಾತು ಮುಂತಾಗಿ ಅದರ ನಿಯಮ ಮುರಿದದ್ದನ್ನು ಮಾತ್ರ ಅದು ತೆಗೆಯುತ್ತದೆ. ಮಾಲೀಕರಿಗೆ ಒಪ್ಪಿಗೆಯಿಲ್ಲ ಎಂಬ ಕಾರಣ ಸಾಲದು. ದುಡ್ಡು ಅಥವಾ ರಿಯಾಯಿತಿ ಕೊಟ್ಟು ವಿಮರ್ಶೆ ಅಳಿಸುವಂತೆ ಕೇಳುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಕೇಳಿದ ಆ ಮೆಸೇಜಿನ ಸ್ಕ್ರೀನ್‌ಶಾಟ್ ವಿಮರ್ಶೆಗೆ ಸೇರಿಕೊಂಡರೆ ಅದಕ್ಕೆ ಯಾವ ಉತ್ತರವೂ ಇರುವುದಿಲ್ಲ.

ಅತಿಥಿಯ ಖಾಸಗಿ ವಿವರವನ್ನು ಉತ್ತರದಲ್ಲಿ ಎಳೆದು ತರುವುದು ಕೆಲವು ವೃತ್ತಿಗಳಲ್ಲಿ ಕಾನೂನಿನ ಪ್ರಶ್ನೆಯೂ ಆಗುತ್ತದೆ. 2019ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಒಂದು ದಂತ ಚಿಕಿತ್ಸಾಲಯ, ಯೆಲ್ಪ್‌ನ ವಿಮರ್ಶೆಗೆ ಉತ್ತರಿಸುವಾಗ ರೋಗಿಯ ಹೆಸರು ಮತ್ತು ಆರೋಗ್ಯದ ವಿವರ ಬಹಿರಂಗಪಡಿಸಿದ್ದಕ್ಕಾಗಿ 10,000 ಡಾಲರ್ ತೆರಬೇಕಾಯಿತು. ಹೋಂಸ್ಟೇಗೆ ಅಂಥ ಕಟ್ಟುನಿಟ್ಟಿನ ಕಾನೂನು ಅನ್ವಯಿಸದಿದ್ದರೂ, ಯಾರು ಯಾರೊಂದಿಗೆ ಬಂದರು, ಎಷ್ಟು ಕುಡಿದರು ಎಂಬುದು ಉತ್ತರದಲ್ಲಿ ಇರಬಾರದು.

ಉತ್ತರ ಕೆಲಸ ಮಾಡಿತೇ ಎಂಬುದು ಬುಕಿಂಗ್ ಕರೆಗಳಲ್ಲೇ ಗೊತ್ತಾಗುತ್ತದೆ. “ಬಿಸಿನೀರು ಸಿಗುತ್ತಾ?” ಎಂದು ಅನುಮಾನದಿಂದ ಕೇಳುತ್ತಿದ್ದವರು “ಐದಕ್ಕೇ ಒಲೆ ಹಚ್ಚುತ್ತೀರಂತಲ್ಲ, ನಾವು ಬೇಗ ಹೊರಡಬೇಕು” ಎನ್ನತೊಡಗಿದರೆ ಅವರು ಓದಿದ್ದಾರೆ, ನಂಬಿದ್ದಾರೆ. ಮುಂದಿನ ವಿಮರ್ಶೆಗಳಲ್ಲಿ ಬಿಸಿನೀರಿನ ಸುದ್ದಿ ಬಾರದೇ ಹೋಗುವುದು ಇನ್ನೊಂದು ಗುರುತು. ಅದೇ ದೂರು ಆಗಸ್ಟ್‌ನಲ್ಲಿ ಮತ್ತೆ ಬಂದರೆ ಹಳೆಯ ಉತ್ತರವೇ ಮಾಲೀಕರ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತದೆ, ಎರಡನೆಯ ಕ್ಷಮಾಪಣೆಗೆ ಬೆಲೆ ಇರುವುದಿಲ್ಲ. ಆಗ ಗ್ಯಾಸ್ ಗೀಸರ್ ಹಾಕಿಸಬೇಕು, ಅದು ಆಗುವವರೆಗೆ ಬುಕ್ ಮಾಡುವ ಪ್ರತಿಯೊಬ್ಬರಿಗೂ ಬಿಸಿನೀರು ಬೆಳಿಗ್ಗೆ ಏಳರ ನಂತರವೇ ಎಂದು ಹೇಳಬೇಕು.