ಕೆಂಪು ದೀಪ ಯಾವ ತುದಿಯಲ್ಲಿದೆ?

ಯಾವುದೋ ಊರಿನ ರಸ್ತೆಯ ಫೋಟೋ. ಅಂಗಡಿ ಬೋರ್ಡುಗಳೆಲ್ಲ ಮಸುಕು, ಒಂದಕ್ಷರವೂ ಓದಲಾಗದು. ಆದರೆ ನಾಲ್ಕು ರಸ್ತೆ ಕೂಡುವಲ್ಲಿ ಸಿಗ್ನಲ್ ಪೆಟ್ಟಿಗೆ ನಮ್ಮಲ್ಲಿಯಂತೆ ನಿಂತಿಲ್ಲ, ಅಡ್ಡಡ್ಡ ಮಲಗಿದೆ. ದೇಶ ಯಾವುದೆಂದು ಹುಡುಕಲು ಇಷ್ಟು ಸಾಕು, ಅರ್ಧ ಕೆಲಸ ಆದಂತೆಯೇ. ಅಡ್ಡ ಪೆಟ್ಟಿಗೆ ಹೆಚ್ಚಾಗಿ ಕಾಣುವುದು ಜಪಾನ್, ದಕ್ಷಿಣ ಕೊರಿಯಾ, ತೈವಾನ್‌ಗಳಲ್ಲಿ. ಅಮೆರಿಕದ ಟೆಕ್ಸಾಸ್‌ನಲ್ಲೂ ಇದೆ. ಆದರೆ ಅಲ್ಲಿ ಪಾದಚಾರಿಗಳನ್ನು ತಡೆಯುವುದು ಕೆಂಪು ಮನುಷ್ಯನಲ್ಲ, ಕಿತ್ತಳೆ ಬಣ್ಣದ ಅಂಗೈ.

ಈಗ ಕೆಂಪು ದೀಪ ಯಾವ ತುದಿಯಲ್ಲಿದೆ ನೋಡಿ. ಜಪಾನಿನಲ್ಲಿ ಅದು ಬಲತುದಿಗೆ, ಕೊರಿಯಾ ಮತ್ತು ತೈವಾನ್‌ಗಳಲ್ಲಿ ಎಡತುದಿಗೆ. ಮೇಲ್ನೋಟಕ್ಕೆ ತದ್ವಿರುದ್ಧ ಅನ್ನಿಸಿದರೂ ಎರಡರ ಹಿಂದಿನ ಲೆಕ್ಕ ಒಂದೇ. ಪೆಟ್ಟಿಗೆಯ ಒಂದು ತುದಿ ರಸ್ತೆಯಂಚಿನ ಕಡೆಗಿರುತ್ತದೆ. ಅಲ್ಲಿ ಮರದ ಕೊಂಬೆಯೋ ಎತ್ತರದ ಲಾರಿಯೋ ದೀಪವನ್ನು ಮರೆಮಾಡಬಹುದು. ಎಲ್ಲಕ್ಕಿಂತ ಮುಖ್ಯವಾದ ಕೆಂಪು ದೀಪ ಹಾಗೆ ಮರೆಯಾಗಬಾರದೆಂದು ಅದನ್ನು ರಸ್ತೆಯ ನಡುವಿನ ಕಡೆಗೆ ಇಡುತ್ತಾರೆ. ಜಪಾನಿನಲ್ಲಿ ವಾಹನಗಳು ನಮ್ಮಂತೆ ಎಡಬದಿಯಲ್ಲಿ ಓಡುವುದರಿಂದ ನಡುಭಾಗ ಚಾಲಕನ ಬಲಕ್ಕೆ ಬರುತ್ತದೆ. ಉಳಿದೆರಡು ದೇಶಗಳಲ್ಲಿ ಓಡಾಟ ಬಲಬದಿಯಲ್ಲಿ, ಹಾಗಾಗಿ ಅದು ಎಡಕ್ಕೆ.

ಹಾಗಾದರೆ ನಿಂತ ಪೆಟ್ಟಿಗೆ ಕಂಡಕೂಡಲೇ ಜಪಾನನ್ನು ಬಿಟ್ಟುಬಿಡಬಹುದೇ? ಬೇಡ. ಹಿಮ ಜಾಸ್ತಿ ಬೀಳುವ ಹೊಕ್ಕೈಡೊದಂಥ ಕಡೆ ಅಡ್ಡ ಪೆಟ್ಟಿಗೆಯ ಉದ್ದಕ್ಕೂ ಹಿಮ ಕೂತು ಭಾರವಾಗುತ್ತದೆ. ಅದಕ್ಕೇ ಅಲ್ಲಿ ಪೆಟ್ಟಿಗೆಯನ್ನು ನಿಲ್ಲಿಸಿರುತ್ತಾರೆ. ಅಂಥ ಫೋಟೋದಲ್ಲಿ ದೇಶ ತಿಳಿಯುವುದು ಕಷ್ಟವಾದರೂ, ಜಪಾನೆಂದು ಬೇರೆ ಗುರುತಿನಿಂದ ಗೊತ್ತಾದರೆ ಯಾವ ಭಾಗವೆಂಬ ಸುಳಿವು ಪುಕ್ಕಟೆಯಾಗಿ ಸಿಗುತ್ತದೆ.

ಕೊರಿಯಾವೋ ತೈವಾನೋ ಎಂಬ ಗೊಂದಲಕ್ಕೆ ಪಾದಚಾರಿ ಸಿಗ್ನಲ್ ನೋಡಬೇಕು. ತೈವಾನಿನದರಲ್ಲಿ ಕೆಳಗೆ ಹಸಿರು ಮನುಷ್ಯ, ಮೇಲೆ ಉಳಿದ ಸೆಕೆಂಡುಗಳ ಅಂಕಿ. 1999ರಲ್ಲಿ ತೈಪೆಯಲ್ಲಿ ಶುರುವಾದ ಈ ಮನುಷ್ಯ ನಿಜಕ್ಕೂ ಕೈಕಾಲು ಆಡಿಸುತ್ತ ನಡೆಯುತ್ತಾನೆ, ಸಮಯ ಮುಗಿಯುತ್ತ ಬಂದಂತೆ ಓಡುತ್ತಾನೆ. ಅದನ್ನು ನೋಡುವುದೇ ಒಂದು ಮಜಾ. ಆದರೆ ಫೋಟೋದಲ್ಲಿ ಅವನು ಒಂದೇ ಭಂಗಿಯಲ್ಲಿ ನಿಂತುಬಿಡುತ್ತಾನೆ. ಹಾಗಾಗಿ ಮೇಲಿನ ಅಂಕಿಯನ್ನು ಹುಡುಕುವುದು ಜಾಣತನ.

ಈ ಲೆಕ್ಕವೆಲ್ಲ ಕೈಕೊಡುವುದು ಫೋಟೋ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿದ್ದಾಗ. ಜಪಾನಿನ ರಸ್ತೆ ಹಾಗೆ ತಿರುಗಿದರೆ ಕೆಂಪು ಎಡಕ್ಕೆ ಬರುತ್ತದೆ, ಜೊತೆಗೆ ವಾಹನಗಳೂ ಬಲಬದಿಗೆ ಬಂದು ಸಾಕ್ಷಿ ನುಡಿಯುತ್ತವೆ. ಆಗ ಹಸಿರು ಬಾಣ ಎಲ್ಲಿದೆ ನೋಡಿ. ಜಪಾನಿನಲ್ಲಿ ಬಾಣಗಳು ಮೂರು ದೀಪಗಳ ಸಾಲಿನ ಕೆಳಗೆ ಬೇರೆಯಾಗಿ ಇರುತ್ತವೆ. ಕೊರಿಯಾದ ನಾಲ್ಕು ದೀಪದ ಪೆಟ್ಟಿಗೆಯಲ್ಲಿ ಎಡಕ್ಕೆ ತಿರುಗುವ ಬಾಣ ಅದೇ ಸಾಲಿನೊಳಗೆ, ಹಳದಿ ಮತ್ತು ಹಸಿರಿನ ನಡುವೆ ಇರುತ್ತದೆ. ಫೋಟೋ ತಿರುಗಿದರೂ ಕೆಳಗಿರುವ ಬಾಣ ಮೇಲಿನ ಸಾಲಿಗೆ ಬರುವುದಿಲ್ಲವಲ್ಲ.