ಹಳೇ ಪ್ಯಾನೆಲ್‌ಗೆ ಗೊತ್ತಿರುವುದೆಲ್ಲ ನಕ್ಷೆಯಲ್ಲಿ ಇರುವುದಿಲ್ಲ

ನದಿ ದಡದ ಹಳೆಯ ಪಂಪ್‌ಹೌಸ್ ಒಳಗೆ ನಿಂತರೆ ಮೋಟರುಗಳ ಮೊರೆತದ ನಡುವೆ ಒಂದು ಕಬ್ಬಿಣದ ಬೀರುವಿನಿಂದ ಆಗಾಗ 'ಟಕ್' ಎಂಬ ಸದ್ದು ಕೇಳುತ್ತದೆ. ಅದು ರಿಲೇ. ಅದರ ಸುರುಳಿಗೆ ಕರೆಂಟ್ ಹರಿದಾಗ ಅಯಸ್ಕಾಂತವಾಗಿ ಒಂದು ಪಟ್ಟಿಯನ್ನು ಎಳೆದು ಇನ್ನೊಂದು ಸರ್ಕ್ಯೂಟನ್ನು ಜೋಡಿಸುತ್ತದೆ ಅಥವಾ ಬಿಡಿಸುತ್ತದೆ. ಬಾವಿಯಲ್ಲಿ ನೀರಿದೆಯೇ, ವಾಲ್ವ್ ಮುಚ್ಚಿದೆಯೇ, ಹಾಗಾದರೆ ಪಂಪ್ ಶುರುವಾಗಲಿ ಎಂಬ ತೀರ್ಮಾನವೆಲ್ಲ ಇಂಥ ಹತ್ತಾರು ರಿಲೇಗಳ ನಡುವಿನ ವೈರುಗಳಲ್ಲೇ ಅಡಗಿದೆ.

ಈ ವೈರುಗಳ ಕೆಲಸವನ್ನು ಪ್ರೋಗ್ರಾಂ ಆಗಿ ಮಾಡುವ ಪೆಟ್ಟಿಗೆಯೇ ಪಿಎಲ್‌ಸಿ. 1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ತನ್ನ ಕಾರ್ಖಾನೆಯ ರಿಲೇ ಪ್ಯಾನೆಲ್‌ಗಳಿಗೆ ಬದಲಿ ಬೇಕೆಂದು ಕೇಳಿತು. ಡಿಕ್ ಮಾರ್ಲಿ ಮತ್ತು ಅವರ ತಂಡದ 'ಮಾಡಿಕಾನ್ 084' ಅದಕ್ಕೆ ಬಂದ ಉತ್ತರ. ಎಲೆಕ್ಟ್ರಿಷಿಯನ್‌ಗಳಿಗೆ ಓದಲು ಬರಲೆಂದು ಅದರ ಪ್ರೋಗ್ರಾಮನ್ನು ರಿಲೇ ನಕ್ಷೆಯಂತೆಯೇ ಏಣಿಯ ಆಕಾರದಲ್ಲಿ ಬರೆಯುವ ರೂಢಿ ಬಂತು. ಹಳೇ ನಕ್ಷೆ ನೋಡಿಕೊಂಡು ಹಾಗೇ ಟೈಪ್ ಮಾಡಿದರಾಯಿತು ಎಂಬ ಭ್ರಮೆಗೂ ಈ ಹೋಲಿಕೆಯೇ ಕಾರಣ.

ಒಂದು ಉದಾಹರಣೆ ಹಿಡಿದು ನೋಡೋಣ. ಒಂದು ಊರಿಗೆ ನೀರೆತ್ತುವ ಪಂಪ್‌ಹೌಸ್ ಇದೆ. ಬಾವಿಯೊಳಗೆ ಉದ್ದನೆಯ ಶಾಫ್ಟ್ ಇಳಿಬಿಟ್ಟ ಮೂರು ಟರ್ಬೈನ್ ಪಂಪುಗಳು; ಎರಡು ಓಡುತ್ತವೆ, ಮೂರನೆಯದು ಸ್ಟ್ಯಾಂಡ್‌ಬೈ. ಪ್ಯಾನೆಲ್‌ನಲ್ಲಿ 34 ರಿಲೇ, 11 ಟೈಮರ್. ಮೋಟರಿನ ಸ್ಟಾರ್ಟರ್‌ಗಳು ಇದ್ದಲ್ಲೇ ಇರುತ್ತವೆ. ಬದಲಾಗುವುದು ಈ ಪ್ಯಾನೆಲ್ ಮಾತ್ರ.

ಮೊದಲ ಕೆಲಸ ದಾಸ್ತಾನು ಪಟ್ಟಿ. ಬೀರುವಿನ ಬಾಗಿಲು ತೆಗೆದು ಪ್ರತಿ ರಿಲೇ, ಟೈಮರ್, ಫ್ಯೂಸ್, ಟರ್ಮಿನಲ್‌ ಯಾವುದು, ಅದರ ಸುರುಳಿಗೆ ಎಷ್ಟು ವೋಲ್ಟ್, ಎಷ್ಟು ಸಂಪರ್ಕ ಬಳಕೆಯಲ್ಲಿವೆ ಎಂದು ಬರೆದುಕೊಳ್ಳಬೇಕು. ಟೈಮರ್‌ಗಳ ವಿಷಯದಲ್ಲಿ ತಿರುಗಣೆಯ ಮೇಲಿನ ಅಂಕಿಯನ್ನು ನಂಬದೆ ಗಡಿಯಾರ ಹಿಡಿದು ಅಳೆಯಬೇಕು. ಆಮೇಲೆ ಮಲ್ಟಿಮೀಟರ್ ಹಿಡಿದು ವೈರು ವೈರನ್ನೂ ನಕ್ಷೆಗೆ ತಾಳೆ ನೋಡಬೇಕು.

ನಮ್ಮ ಉದಾಹರಣೆಯಲ್ಲಿ ತಾಳೆ ನೋಡುವಾಗ ನಕ್ಷೆಯಲ್ಲಿ ಸಿಕ್ಕಿದ್ದು ಎಂಟೇ ಟೈಮರ್. ಉಳಿದ ಮೂರು, ಪಂಪಿಗೊಂದರಂತೆ, ಯಾರೋ ಆಮೇಲೆ ಸೇರಿಸಿದವು. ಅಳೆದರೆ ಪ್ರತಿಯೊಂದೂ ಮೂರು ನಿಮಿಷ. ಅವು ಯಾಕಿವೆ ಎನ್ನುವುದು ಅಲ್ಲಿನ ಹಿರಿಯ ಆಪರೇಟರ್‌ಗೆ ಮಾತ್ರ ಗೊತ್ತು: "ಪಂಪ್ ನಿಂತ ಮೇಲೆ ಪೈಪಿನ ನೀರು ವಾಪಸ್ ಇಳಿಯತ್ತೆ ಸಾರ್. ಆಗ ಶಾಫ್ಟ್ ಉಲ್ಟಾ ತಿರುಗ್ತಿರತ್ತೆ. ಅದು ನಿಲ್ಲೋ ಮುಂಚೆ ಸ್ಟಾರ್ಟ್ ಒತ್ತಿದ್ರೆ ಶಾಫ್ಟೇ ಮುರಿಯತ್ತೆ." ನಕ್ಷೆಯೊಂದನ್ನೇ ನಂಬಿ ಪ್ರೋಗ್ರಾಂ ಬರೆದಿದ್ದರೆ ಈ ಮೂರು ನಿಮಿಷ ಬಿಟ್ಟೇ ಹೋಗುತ್ತಿತ್ತು. ಅದಕ್ಕೇ ದಾಸ್ತಾನು ಪಟ್ಟಿಯಲ್ಲಿ 'ಯಾಕೆ ಇದೆ' ಎಂಬ ಒಂದು ಕಾಲಂ ಇರಬೇಕು. ಅದನ್ನು ತುಂಬುವವರು ಪಂಪ್‌ಹೌಸಿನಲ್ಲಿ ರಾತ್ರಿ ಪಾಳಿ ಮಾಡಿದವರು.

ಎರಡನೆಯದು ಐಒ ಪಟ್ಟಿ. ಐಒ ಎಂದರೆ ಇನ್‌ಪುಟ್, ಔಟ್‌ಪುಟ್. ಹೊರಗಿನಿಂದ ಪ್ಯಾನೆಲ್‌ಗೆ ಸುದ್ದಿ ತರುವ ವೈರು ಇನ್‌ಪುಟ್. ಪ್ಯಾನೆಲ್‌ನಿಂದ ಅಪ್ಪಣೆ ಹೊತ್ತು ಹೋಗುವುದು ಔಟ್‌ಪುಟ್. ಒಳಗೊಳಗೇ ಮಾತಾಡಿಕೊಳ್ಳುವ ರಿಲೇ, ಟೈಮರ್‌ಗಳು ಈ ಲೆಕ್ಕಕ್ಕೆ ಬರುವುದಿಲ್ಲ; ಅವೆಲ್ಲ ಪ್ರೋಗ್ರಾಮಿನಲ್ಲಿ ಕರಗಿಹೋಗುತ್ತವೆ. ನಮ್ಮಲ್ಲಿ ಸ್ಟಾರ್ಟ್, ಸ್ಟಾಪ್, ಓವರ್‌ಲೋಡ್, ವಾಲ್ವ್ ತೆರೆದಿದೆ, ಮುಚ್ಚಿದೆ ಎಂಬಂಥ ಸುದ್ದಿಗಳು ಪಂಪಿಗೆ ಎಂಟರಂತೆ 24. ಬಾವಿಯ ಮಟ್ಟ, ಟ್ಯಾಂಕ್ ತುಂಬಿದ್ದು ಮುಂತಾದ ಎಲ್ಲಕ್ಕೂ ಸೇರಿದವು 6. ಒಟ್ಟು 30 ಇನ್‌ಪುಟ್. ಹಾಗೆಯೇ ಪಂಪಿಗೆ ಆರರಂತೆ 18, ಜತೆಗೆ ಸೈರನ್ ಮತ್ತು ಒಂದು ದೀಪ ಸೇರಿ 20 ಔಟ್‌ಪುಟ್. ಮುಂದಿನ ಅಗತ್ಯಕ್ಕೆಂದು ನೂರಕ್ಕೆ ಇಪ್ಪತ್ತರಷ್ಟು ಸೇರಿಸಿದರೆ 36 ಮತ್ತು 24. ಹದಿನಾರರ ಕಾರ್ಡ್ ಕೊಂಡರೆ ಇನ್‌ಪುಟ್‌ಗೆ ಮೂರು, ಔಟ್‌ಪುಟ್‌ಗೆ ಎರಡು ಬೇಕು.

ಎಣಿಕೆ ಸುಲಭ. ಪ್ರತಿ ಸಾಲಿನಲ್ಲೂ ಇನ್ನೊಂದು ಮಾತು ಬರೆಯಬೇಕು, ಎಡವಟ್ಟು ಆಗುವುದು ಅಲ್ಲೇ: ಆ ವೈರು ಕಿತ್ತುಹೋದರೆ ಏನಾಗಬೇಕು? ಸ್ಟಾಪ್ ಬಟನ್ ನೋಡಿ. ಒತ್ತದೇ ಇದ್ದಾಗ ಅದರಲ್ಲಿ ಕರೆಂಟ್ ಹರಿಯುತ್ತಿರುತ್ತದೆ, ಒತ್ತಿದರೆ ಕಡಿಯುತ್ತದೆ. ನಕ್ಷೆಯಲ್ಲಿ ಅದು 'ಮುಚ್ಚಿದ ಸಂಪರ್ಕ'. ಅದೇ ಚಿಹ್ನೆಯನ್ನು ಪ್ರೋಗ್ರಾಮಿನಲ್ಲಿ ಹಾಕಿದರೆ ಅರ್ಥ ತಿರುವುಮುರುವಾಗಿ, ಸ್ಟಾಪ್ ಒತ್ತಿ ಹಿಡಿದಾಗ ಮಾತ್ರ ಪಂಪ್ ಶುರುವಾಗುತ್ತದೆ. ಆಗ ಕೆಲವರು ಬಟನ್ನಿನ ವೈರಿಂಗನ್ನೇ ಬದಲಿಸಿಬಿಡುತ್ತಾರೆ. ಪಂಪ್ ಓಡುತ್ತದೆ, ಎಲ್ಲ ಸರಿಯಾದಂತೆ ಕಾಣುತ್ತದೆ. ಆದರೆ ಇಲಿ ಆ ವೈರು ಕಡಿದ ದಿನ ಸ್ಟಾಪ್ ಒತ್ತಿದರೂ ಪಂಪ್ ನಿಲ್ಲುವುದಿಲ್ಲ. ವೈರು ಹಾಗೇ ಇರಲಿ, ಪ್ರೋಗ್ರಾಮಿನ ಚಿಹ್ನೆಯನ್ನು ಬದಲಿಸಿ. ಎಮರ್ಜೆನ್ಸಿ ಸ್ಟಾಪನ್ನಂತೂ ಪ್ರೋಗ್ರಾಮಿನ ಮರ್ಜಿಗೆ ಬಿಡದೆ ಸ್ಟಾರ್ಟರ್‌ನ ಸರ್ಕ್ಯೂಟನ್ನು ನೇರವಾಗಿ ಕಡಿಯುವಂತೆ ಇಡಬೇಕು. ಪಿಎಲ್‌ಸಿಗೆ ಸುದ್ದಿ ಮುಟ್ಟಿದರೆ ಸಾಕು.

ಪಟ್ಟಿಯಲ್ಲಿ ವೋಲ್ಟೇಜಿಗೂ ಒಂದು ಕಾಲಂ ಬೇಕು. ಬಾವಿಯ ಫ್ಲೋಟ್ ಸ್ವಿಚ್ ವರ್ಷಗಟ್ಟಲೆ 230 ವೋಲ್ಟ್‌ನಲ್ಲಿ ಕೆಲಸ ಮಾಡಿದ್ದು. ಅದರ ಸಂಪರ್ಕದ ಮೇಲೆ ಕಿಲುಬಿನ ತೆಳು ಪದರ ಇದ್ದರೂ ಆ ವೋಲ್ಟೇಜ್ ಅದನ್ನು ಭೇದಿಸಿಕೊಂಡು ಹೋಗುತ್ತಿತ್ತು. ಪಿಎಲ್‌ಸಿಯ 24 ವೋಲ್ಟ್, ಕೆಲವೇ ಮಿಲಿಆಂಪ್ ಕರೆಂಟಿಗೆ ಆ ಶಕ್ತಿ ಇಲ್ಲ. ಬಾವಿಯಲ್ಲಿ ನೀರಿದ್ದೂ 'ನೀರಿಲ್ಲ' ಎಂಬ ಸುದ್ದಿ ಒಮ್ಮೊಮ್ಮೆ ಬಂದು ಪಂಪ್ ನಿಂತರೆ ಪ್ರೋಗ್ರಾಮನ್ನು ದೂರುವ ಮೊದಲು ಸ್ವಿಚ್ ಮುಚ್ಚಿದ್ದಾಗ ಅದರ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆಯಬೇಕು. ಸೊನ್ನೆಯ ಆಸುಪಾಸು ಇರಬೇಕಾದಲ್ಲಿ ಹಲವು ವೋಲ್ಟ್ ಕಂಡರೆ ಸ್ವಿಚ್ ಬದಲಿಸಬೇಕು.

ಕೊನೆಯದು ಬದಲಾವಣೆಯ ದಿನ. ಹಳೇ ಪ್ಯಾನೆಲ್ ಕಿತ್ತ ಜಾಗದಲ್ಲಿ ಹೊಸದನ್ನು ಕೂರಿಸುವ ಯೋಚನೆ ಬೇಡ, ಪಕ್ಕದಲ್ಲಿ ನಿಲ್ಲಿಸಿ. ಮೊದಲು ಸ್ವಿಚ್ಚು, ದೀಪಗಳ ಹಲಗೆಯೊಂದನ್ನು ಜೋಡಿಸಿ, ಐಒ ಪಟ್ಟಿಯ ಐವತ್ತು ಸಾಲನ್ನೂ ಒಂದೊಂದಾಗಿ ಪರೀಕ್ಷಿಸಿ. ಕರೆಂಟ್ ಹೋಗಿ ತಕ್ಷಣ ಬರುವುದನ್ನೂ ಮಾಡಿ ನೋಡಿ. ಹಳೇ ಪ್ಯಾನೆಲ್‌ನಲ್ಲಿ ಕರೆಂಟ್ ಹೋದರೆ ರಿಲೇ ಬಿಟ್ಟುಬಿಡುತ್ತಿತ್ತು, ಮತ್ತೆ ಸ್ಟಾರ್ಟ್ ಒತ್ತಲೇಬೇಕಿತ್ತು. ಪಿಎಲ್‌ಸಿಯಲ್ಲಿ ಆ ನೆನಪು ಉಳಿಯುವ ಜಾಗದಲ್ಲಿ ಬರೆದಿದ್ದರೆ ಪಂಪ್ ತಾನಾಗಿಯೇ ಹೊರಡುತ್ತದೆ, ಅದೂ ಶಾಫ್ಟ್ ಉಲ್ಟಾ ತಿರುಗುತ್ತಿರುವಾಗ. ಪಿಎಲ್‌ಸಿ ಎದ್ದ ಕ್ಷಣದಿಂದಲೇ ಆ ಮೂರು ನಿಮಿಷದ ಎಣಿಕೆ ಶುರುವಾಗಬೇಕು.

ಬಳಿಕ ಸ್ಟ್ಯಾಂಡ್‌ಬೈ ಪಂಪನ್ನು ಮೊದಲು ಹೊಸ ಪ್ಯಾನೆಲ್‌ಗೆ ತನ್ನಿ. ಉಳಿದೆರಡು ಹಳೆಯದರಲ್ಲೇ ಓಡುತ್ತ ಊರಿಗೆ ನೀರು ಕೊಡಲಿ. ಬಾವಿಯ ಮಟ್ಟ ಎರಡೂ ಪ್ಯಾನೆಲ್‌ಗೆ ಬೇಕು. ಒಂದೇ ಸಂಪರ್ಕಕ್ಕೆ ಎರಡು ಕಡೆಯ ವೈರು ಕಟ್ಟದೆ, ನಡುವೆ ಒಂದು ರಿಲೇ ಇಟ್ಟು ಬೇರೆ ಬೇರೆ ಸಂಪರ್ಕ ಕೊಡಿ. ಒಂದು ವಾರ ಓಡಿಸಿ ನೋಡಿ ಎರಡನೆಯದು, ಆಮೇಲೆ ಮೂರನೆಯದು.

ಎಲ್ಲಕ್ಕೂ ಸೇರಿದ ವೈರುಗಳನ್ನು ಸಾಗಿಸುವ ರಾತ್ರಿ ಮಾತ್ರ ಮೂರೂ ಪಂಪ್ ನಿಲ್ಲಬೇಕು. ಟ್ಯಾಂಕ್ ತುಂಬಿಸಿಟ್ಟರೆ ರಾತ್ರಿ 11ರಿಂದ 3ರವರೆಗೆ ನಾಲ್ಕು ಗಂಟೆ ಸಿಗುತ್ತದೆ ಎನ್ನಿ. ಹಳೆಯದಕ್ಕೆ ವಾಪಸ್ ಜೋಡಿಸಲು ಒಂದು ಗಂಟೆ ಬೇಕಾದರೆ, ತೀರ್ಮಾನದ ಹೊತ್ತು 3 ಅಲ್ಲ, 2 ಗಂಟೆ. ಆಗಲೂ ಪರೀಕ್ಷೆ ಮುಗಿಯದಿದ್ದರೆ 'ಇನ್ನೈದು ನಿಮಿಷ' ಎನ್ನದೆ ಹಿಂದಿರುಗಬೇಕು. ಹಿಂದಿರುಗಲು ದಾರಿ ಇರಬೇಕಾದರೆ ವೈರುಗಳನ್ನು ಗಿಡ್ಡ ಕತ್ತರಿಸಿರಬಾರದು, ಪ್ರತಿ ವೈರಿನ ಮೇಲೂ ಹಳೇ ನಂಬರು, ಹೊಸ ನಂಬರು ಎರಡೂ ಇರಬೇಕು. ಯಾವ ನಂಬರು ಎಲ್ಲಿಗೆ ಎನ್ನುವುದು ಐಒ ಪಟ್ಟಿಯಲ್ಲಿದೆ. ಮರುದಿನ ಬೆಳಗ್ಗೆ ನೀರುಗಂಟಿ ವಾಲ್ವ್ ತಿರುಗಿಸಿದಾಗ ನಲ್ಲಿಯಲ್ಲಿ ನೀರು ಬರುವುದಕ್ಕೆ ಆ ಕಾಗದವೇ ಆಧಾರ.