ಫೈನಲ್ ಇಯರ್ ವೈವಾ: ಹಾರುಬೂದಿ ಕಾಂಕ್ರೀಟ್ ಪ್ರಾಜೆಕ್ಟ್ ಮಂಡಿಸುವುದು ಹೇಗೆ?

ಸಿವಿಲ್ ಇಂಜಿನಿಯರಿಂಗ್ ಅಂತಿಮ ವರ್ಷದಲ್ಲಿ ಪದೇಪದೇ ಕಾಣಸಿಗುವ ಪ್ರಾಜೆಕ್ಟ್ ಒಂದಿದೆ. ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಪಾಲನ್ನು ತೆಗೆದು ಹಾರುಬೂದಿ (ಫ್ಲೈ ಆ್ಯಶ್) ಸೇರಿಸುವುದು. ಪರೀಕ್ಷಕರು ಇದನ್ನು ಸಾಕಷ್ಟು ಸಲ ಕೇಳಿರುತ್ತಾರೆ. ಹಾಗಾಗಿ ಪರಿಸರ ಮಾಲಿನ್ಯದಿಂದ ಮಾತು ಶುರು ಮಾಡಬೇಡಿ, ನೇರವಾಗಿ ಪ್ರಶ್ನೆಗೇ ಬನ್ನಿ.

"ಸರ್, ಎಂ20 ಕಾಂಕ್ರೀಟಿನಲ್ಲಿ ಎಷ್ಟು ಸಿಮೆಂಟ್ ತೆಗೆದು ಹಾರುಬೂದಿ ಹಾಕಿದರೂ 28 ದಿನಗಳ ಬಲ 26.6 ಮೆಗಾಪಾಸ್ಕಲ್‌ಗಿಂತ ಕೆಳಗಿಳಿಯುವುದಿಲ್ಲ ಎಂಬುದೇ ನಮ್ಮ ಪ್ರಶ್ನೆ."

20 ಬಿಟ್ಟು 26.6 ಯಾಕೆ ಎಂದು ಕೇಳಿಯೇ ಕೇಳುತ್ತಾರೆ. ಎಲ್ಲ ಕ್ಯೂಬ್‌ಗಳೂ ಒಂದೇ ಬಲ ಕೊಡುವುದಿಲ್ಲ. ಆ ಏರುಪೇರಿಗೆಂದು ಮಿಕ್ಸ್ ಡಿಸೈನ್‌ನಲ್ಲಿ ಗುರಿಯನ್ನು ಮೇಲಿಡುತ್ತಾರೆ: 20 + 1.65 × 4 = 26.6.

ವಿಧಾನ ಹೇಳುವಾಗ ಮೊದಲ ವಾಕ್ಯದಲ್ಲೇ ಸಿಮೆಂಟ್ ಯಾವುದೆಂದು ಹೇಳಿಬಿಡಿ. "ನಾವು ಬಳಸಿದ್ದು ಒಪಿಸಿ 43 ಗ್ರೇಡ್. 0, 10, 20, 30 ಶೇಕಡಾ ಹೀಗೆ ನಾಲ್ಕು ಮಿಶ್ರಣ. ನೀರಿನ ಅನುಪಾತ ಎಲ್ಲದಕ್ಕೂ ಒಂದೇ. 7 ಮತ್ತು 28 ದಿನಕ್ಕೆ ತಲಾ ಮೂರರಂತೆ 150 ಮಿ.ಮೀ.ನ 24 ಕ್ಯೂಬ್." ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪಿಪಿಸಿ ಸಿಮೆಂಟಿನಲ್ಲಿ 15ರಿಂದ 35 ಶೇಕಡಾ ಹಾರುಬೂದಿ ಮೊದಲೇ ಇರುತ್ತದೆ. ಅದನ್ನು ಬಳಸಿದ್ದರೆ ನಿಮ್ಮ '0 ಶೇಕಡಾ' ಸೊನ್ನೆಯೇ ಅಲ್ಲ. ಇಡೀ ಪ್ರಾಜೆಕ್ಟ್ ಕುಸಿಯುವುದು ಇಲ್ಲೇ. ಚೀಲದ ಮೇಲಿನ ಮುದ್ರಣದ ಫೋಟೋ ಸ್ಲೈಡಿನಲ್ಲಿರಲಿ.

ಫಲಿತಾಂಶಕ್ಕೆ ಒಂದು ಕ್ಯೂಬಿನ ಲೆಕ್ಕವನ್ನು ಪೂರ್ತಿ ತೋರಿಸಿ. ಉದಾಹರಣೆಗೆ 20 ಶೇಕಡಾ ಮಿಶ್ರಣದ ಕ್ಯೂಬ್ 630 ಕಿಲೋನ್ಯೂಟನ್‌ಗೆ ಒಡೆಯಿತು ಎನ್ನಿ. ವಿಸ್ತೀರ್ಣ 22,500 ಚದರ ಮಿ.ಮೀ., ಬಲ 28. 30 ಶೇಕಡಾದ್ದು 540ಕ್ಕೇ ಒಡೆದರೆ ಬಲ 24. ಮೂರು ಕ್ಯೂಬ್‌ಗಳ ಸರಾಸರಿಯೂ ಇದೇ ಆಸುಪಾಸಿನಲ್ಲಿದ್ದರೆ ಹೀಗೆ ಹೇಳಿ: "30 ಶೇಕಡಾ ಮಿಶ್ರಣ 20ನ್ನು ದಾಟಿದೆ, ಆದರೆ ಗುರಿ ಮುಟ್ಟಿಲ್ಲ. ಆದ್ದರಿಂದ ನಮ್ಮ ಉತ್ತರ 20 ಶೇಕಡಾ."

7 ದಿನದ ಬಲ ಕಡಿಮೆ ಬಂದಿದ್ದರೆ ಗಾಬರಿ ಬೇಡ, ಬಚ್ಚಿಡುವುದೂ ಬೇಡ. ಸಿಮೆಂಟ್ ನೀರಿನೊಡನೆ ಸೇರಿದಾಗ ಹುಟ್ಟುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಜೊತೆ ಹಾರುಬೂದಿ ನಿಧಾನವಾಗಿ ವರ್ತಿಸುತ್ತದೆ, ಬಲವೂ ತಡವಾಗಿ ಬರುತ್ತದೆ. ಬೂದಿ ಹೆಚ್ಚಿದ್ದರೂ 7 ದಿನದಲ್ಲೇ ಬಲ ಏರಿದೆ ಎಂದು ತೋರಿಸಿದರೆ ಪರೀಕ್ಷಕರು ಅನುಮಾನಿಸುವುದು ನಿಮ್ಮ ಅಂಕಿಗಳನ್ನೇ.

ಮಿತಿ ಹೇಳುವಾಗ "ಸಮಯ ಸಾಕಾಗಲಿಲ್ಲ" ಎಂದಷ್ಟೇ ಹೇಳಿ ಮುಗಿಸಬೇಡಿ. "90 ದಿನದ ಬಲ ಅಳೆದಿಲ್ಲ, ಹಾಗಾಗಿ 30 ಶೇಕಡಾ ಮುಂದೆ ಗುರಿ ಮುಟ್ಟಬಹುದೇ ಎಂದು ಹೇಳಲಾರೆವು. ಬೂದಿ ಒಂದೇ ಸ್ಥಾವರದ್ದು. ಕಬ್ಬಿಣ ತುಕ್ಕು ಹಿಡಿಯುವ ಪರೀಕ್ಷೆ ಮಾಡಿಲ್ಲ, ಆದ್ದರಿಂದ ಕಡಲತೀರದ ಕಟ್ಟಡಕ್ಕೆ ಈ ಮಿಶ್ರಣವನ್ನು ಶಿಫಾರಸು ಮಾಡುತ್ತಿಲ್ಲ."